ಇಲ್ಲದ ಶುಕ್ರವಾರದ ಸಂಬಳ

2011ರ ಡಿಸೆಂಬರ್ 29, ಗುರುವಾರ. ರಾತ್ರಿ ಹನ್ನೆರಡಕ್ಕೆ ಇನ್ನು ಐದು ನಿಮಿಷ. ಸಮೋವಾ ದೇಶದ ರಾಜಧಾನಿ ಆಪಿಯಾದಲ್ಲಿ ನಮ್ಮ ಕಂಪನಿಯ ಗೋಡೌನ್ ಬಾಗಿಲಲ್ಲಿ ನಿಂತಿದ್ದೆ. ಗೋಡೆಯ ಮೇಲೆ ಹಾಜರಿ ಹಾಕುವ ಪಂಚಿಂಗ್ ಮೆಷಿನ್. ನನ್ನ ಕೈಯಲ್ಲಿ ಅದರ ಕೀಲಿ. ವಾಚ್‌ಮನ್ ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತಿದ್ದರು. ಹನ್ನೆರಡಾಯಿತು. ಮೆಷಿನ್ ತನ್ನ ಪಾಡಿಗೆ 29ನ್ನು 30 ಮಾಡಿತು. ನಾನು ಮುಚ್ಚಳ ತೆಗೆದು ತಾರೀಖಿನ ಗುಂಡಿಯನ್ನು ಇನ್ನೊಂದು ಸಲ ಒತ್ತಿದೆ. 31 ಬಂತು. ಅದೇ ಹೊತ್ತಿಗೆ ಚರ್ಚುಗಳ ಗಂಟೆ ಶುರುವಾಯಿತು. ವಾಚ್‌ಮನ್ ಟೋಪಿ ತೆಗೆದು ಒಂದು ಕ್ಷಣ ತಲೆ ಬಗ್ಗಿಸಿದರು. ಆ ದೇಶದಲ್ಲಿ ಡಿಸೆಂಬರ್ 30ರ ಶುಕ್ರವಾರ ಬರಲೇ ಇಲ್ಲ. ಗುರುವಾರದ ಬೆನ್ನಿಗೇ ಶನಿವಾರ.

ಆಗ ನಾನು ಅಲ್ಲೊಂದು ಕಟ್ಟಡ ಸಾಮಗ್ರಿ ಮಾರುವ ಕಂಪನಿಯಲ್ಲಿ ಅಕೌಂಟೆಂಟ್. ಊರು ಶಿವಮೊಗ್ಗ. ಅರವತ್ತನಾಲ್ಕು ಜನರ ಸಂಬಳದ ಲೆಕ್ಕ ನನ್ನ ಟೇಬಲ್ಲಿಗೇ ಬರುತ್ತಿತ್ತು. ಒಂದು ದಿನ ಕ್ಯಾಲೆಂಡರಿನಿಂದ ಹೋದರೆ ಸಂಬಳಕ್ಕೆ ಏನಾಗುತ್ತದೆ ಅಂತ ಕೇಳಿದರೆ ಮೊದಲು ಯಾರಿಗೂ ದೊಡ್ಡ ವಿಷಯ ಅನ್ನಿಸುವುದಿಲ್ಲ. ನನಗೂ ಅನ್ನಿಸಿರಲಿಲ್ಲ. ಕೊನೆಗೆ ಅದು ಒಂದೂವರೆ ತಿಂಗಳ ಕೆಲಸವಾಯಿತು.

ದಿನ ಯಾಕೆ ಹೋಯಿತು ಅಂತ ಮೊದಲು ಹೇಳಿಬಿಡುತ್ತೇನೆ. ಪೆಸಿಫಿಕ್ ಸಾಗರದ ನಡುವೆ ದಿನರೇಖೆ ಹಾದುಹೋಗುತ್ತದೆ. ಅದರ ಈಚೆ ಒಂದು ತಾರೀಖು, ಆಚೆ ಇನ್ನೊಂದು. ಸಮೋವಾ 1892ರಲ್ಲಿ ಅಮೆರಿಕದ ಕಡೆಯ ತಾರೀಖಿಗೆ ಹೋಗಿತ್ತು. ಅಮೆರಿಕದ ಜೊತೆಗಿನ ವ್ಯಾಪಾರಕ್ಕೆ ಅನುಕೂಲವಾಗಲಿ ಅಂತ. ಅವತ್ತು ಆಗಿದ್ದು ಇದರ ತಿರುಗುಮುರುಗು: ಜುಲೈ 4 ಎರಡು ಸಲ ಬಂದಿತ್ತು. ನೂರಿಪ್ಪತ್ತು ವರ್ಷ ಆಗುವಷ್ಟರಲ್ಲಿ ವ್ಯಾಪಾರ, ವಲಸೆ, ನೆಂಟಸ್ತಿಕೆ ಎಲ್ಲ ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಾ ಕಡೆ ತಿರುಗಿತ್ತು. ನಮಗೆ ಸಿಮೆಂಟ್, ಕಬ್ಬಿಣ ಬರುತ್ತಿದ್ದದ್ದು ಆಕ್ಲೆಂಡಿನಿಂದ. ನಮಗೆ ಶುಕ್ರವಾರ ಅಂದರೆ ಅಲ್ಲಿ ಆಗಲೇ ಶನಿವಾರ. ಫೋನ್ ಎತ್ತುವವರಿಲ್ಲ. ನಾವು ಭಾನುವಾರ ಚರ್ಚಿನಲ್ಲಿ ಕೂತಿದ್ದರೆ ಅವರು ಸೋಮವಾರ ಆಫೀಸಿನಲ್ಲಿ. ವಾರದಲ್ಲಿ ಎರಡು ದಿನ ಸುಮ್ನೆ ಹೋಗುತ್ತಿತ್ತು. ಅದನ್ನು ಸರಿಮಾಡಲು ಆಗಿನ ಪ್ರಧಾನಿ ತುಯಿಲಾಯೆಪಾ ಅವರ ಸರ್ಕಾರ ದೇಶವನ್ನೇ ರೇಖೆಯ ನ್ಯೂಜಿಲೆಂಡ್ ಕಡೆಗೆ ತರಲು ತೀರ್ಮಾನಿಸಿತು. 2011ರ ಮೇ ತಿಂಗಳಲ್ಲಿ ಸುದ್ದಿ ಹೊರಬಂತು. ಅದಕ್ಕೊಂದು ಕಾಯ್ದೆಯೂ ಆಯಿತು. ಪಕ್ಕದ ಟೊಕೆಲಾವ್ ದ್ವೀಪಗಳೂ ಅದೇ ದಿನ ಜೊತೆಗೆ ಬಂದವು.

ಇದು ನನ್ನ ಅಮ್ಮನಿಗೆ ಅರ್ಥವಾದದ್ದು ಫೋನಿನಿಂದ. ಅವರು ಬೆಳಿಗ್ಗೆ ಒಂಬತ್ತಕ್ಕೆ ಶಿವಮೊಗ್ಗದಿಂದ ಕರೆ ಮಾಡಿದರೆ ನನಗೆ ಹಿಂದಿನ ದಿನದ ಸಂಜೆ ಐದೂವರೆ. ಬದಲಾವಣೆ ಆದ ಮೇಲೆ ಅದೇ ಒಂಬತ್ತಕ್ಕೆ ನನಗೆ ಅದೇ ದಿನದ ಸಂಜೆ ಐದೂವರೆ. "ಇನ್ನು ನಿನ್ನೆಗೆ ಫೋನ್ ಮಾಡೋದು ತಪ್ಪಿತು ಬಿಡು" ಅಂದರು. ಗಡಿಯಾರದ ಮುಳ್ಳು ಇದ್ದಲ್ಲೇ ಇತ್ತು. ತಾರೀಖು ಮಾತ್ರ ಒಂದು ಮುಂದೆ ಹೋಯಿತು. ಸಂಬಳದ ಕಷ್ಟವೆಲ್ಲ ಹುಟ್ಟಿದ್ದು ಇಲ್ಲೇ. ಗಂಟೆ ಒಂದು ರೀತಿ ಓಡುತ್ತದೆ, ತಾರೀಖು ಇನ್ನೊಂದು ರೀತಿ. ಸಂಬಳದಲ್ಲಿ ಎರಡೂ ಬೇಕು.

ಸಮೋವಾದಲ್ಲಿ ನಮ್ಮ ಕಂಪನಿಯ ಪದ್ಧತಿ ಎರಡು ವಾರಕ್ಕೊಂದು ಸಂಬಳ. ಬಟವಾಡೆ ಶುಕ್ರವಾರ. ನವೆಂಬರಿನಲ್ಲಿ ಗೋಡೆ ಕ್ಯಾಲೆಂಡರ್ ಮುಂದೆ ನಿಂತು ಬಟವಾಡೆ ದಿನಗಳಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕುತ್ತಾ ಬಂದೆ. ಡಿಸೆಂಬರ್ 2, 16, ಆಮೇಲೆ 30. ಪೆನ್ನು ಅಲ್ಲೇ ನಿಂತಿತು. ಬಟವಾಡೆ ದಿನವೇ ಇಲ್ಲ! ಅಷ್ಟೇ ಅಲ್ಲ. ಡಿಸೆಂಬರ್ 26ರಿಂದ ಜನವರಿ 8ರವರೆಗಿನ ಮುಂದಿನ ಸಂಬಳದ ಅವಧಿಯ ಒಳಗೂ ಅದೇ ದಿನ ಕಾಣೆ. ಒಂದೇ ಶುಕ್ರವಾರ ಎರಡು ಕಡೆ ಪೆಟ್ಟು ಕೊಟ್ಟಿತ್ತು.

ಬಟವಾಡೆಯದ್ದು ಬೇಗ ಬಗೆಹರಿಯಿತು. ಶನಿವಾರಕ್ಕೆ ತಳ್ಳುವುದು ಬೇಡ ಅನ್ನಿಸಿತು. ಆದ್ದರಿಂದ ಗುರುವಾರ 29ಕ್ಕೇ ಕೊಡೋಣ ಅಂತಾಯಿತು. ಮುಂದಿನದು ಜನವರಿ 13. ಹದಿನೈದು ದಿನದ ಅಂತರವಾಯಿತಲ್ಲ, ಮನೆಯವರಿಗೆ ಕಷ್ಟವಾಗುತ್ತದಾ ಅಂತ ಮೊದಲು ಗಾಬರಿಯಾಯಿತು. ಬೆರಳಲ್ಲಿ ಎಣಿಸಿದಾಗ ಸಮಾಧಾನವಾಯಿತು. ತಾರೀಖು ಹದಿನೈದು ದಾಟಿದರೂ ನಿಜವಾಗಿ ಕಳೆಯುವ ಹಗಲು ರಾತ್ರಿ ಹದಿನಾಲ್ಕೇ. ಯಾವ ಮನೆಯೂ ಒಂದು ದಿನ ಜಾಸ್ತಿ ಕಾಯಬೇಕಿರಲಿಲ್ಲ. ಬ್ಯಾಂಕಿಗೆ ಕಳಿಸುವ ಫೈಲಿನಲ್ಲಿ 30ನೇ ತಾರೀಖು ಎಲ್ಲೂ ಉಳಿದಿಲ್ಲ ಅಂತ ಮೂರು ಸಲ ನೋಡಿದೆ.

ಜಗಳ ಬಂದಿದ್ದು ಎರಡನೆಯದರ ಮೇಲೆ. ಶುಕ್ರವಾರ ಕೆಲಸ ಮಾಡಬೇಕಿದ್ದ ನೌಕರರಿಗೆ ಆ ದಿನದ ಸಂಬಳವನ್ನು ಪೂರ್ತಿ ಕೊಡಬೇಕು ಅಂತ ಸರ್ಕಾರ ಹೇಳಿತ್ತು. ನಮ್ಮ ಮಾಲೀಕರಿಗೆ ಬೇಸರ. ಅವರ ಮಾತಿನಲ್ಲಿ ನ್ಯಾಯ ಇರಲಿಲ್ಲ ಅಂತಲ್ಲ. "ಅಂಗಡಿ ತೆರೆಯೋಕೆ ಆ ದಿನವೇ ಇಲ್ಲ. ಒಂದು ಮೊಳೆ ಮಾರಿಲ್ಲ. ಅವರೂ ಮನೇಲಿ ಕೂತು ದಿನ ಕಳೆದಿಲ್ಲ. ಯಾವುದಕ್ಕೆ ದುಡ್ಡು?" ಅಂದರು.

ಉತ್ತರ ಕೊಟ್ಟವರು ನಮ್ಮ ಆಫೀಸಿನ ಹಿರಿಯ ಗುಮಾಸ್ತೆ. ಸಮೋವಾದ ಹೆಂಗಸು. ಇಪ್ಪತ್ತು ವರ್ಷದಿಂದ ಸಂಬಳದ ಲಕೋಟೆ ಕಟ್ಟಿದವರು. ಅವರು ಜೋರಾಗಿ ಮಾತಾಡುವವರಲ್ಲ. "ಸಾರ್, ಈ ಜನ ಬಾಡಿಗೆ ಕಟ್ಟೋದು ತಾರೀಖಿಗೆ. ಸಾಲದ ಕಂತು ಕಟ್ಟೋದು ತಾರೀಖಿಗೆ. ತಾರೀಖು ಒಂದು ದಿನ ಬೇಗ ಬರುತ್ತೆ. ದುಡಿಮೆ ಮಾತ್ರ ಒಂದು ದಿನ ಕಮ್ಮಿ ಆದರೆ ಕಂತಿಗೆ ಎಲ್ಲಿಂದ ತರ್ತಾರೆ?" ಅಂದರು.

ನನಗೆ ಇಡೀ ವಿಷಯ ಅವತ್ತು ತಿಳಿಯಾಯಿತು. ಹತ್ತು ದಿನದ ಕೂಲಿಯ ಮೇಲೆ ಮನೆ ನಡೆಸುವವನಿಗೆ ಒಂಬತ್ತು ದಿನದ ಕೂಲಿ ಕೊಟ್ಟು, ಹತ್ತು ದಿನದ ಬಾಕಿ ಕೇಳಿದಂತೆ ಆಗುತ್ತದೆ. ಊಟದ ಖರ್ಚು ಒಂದು ದಿನದ್ದು ಉಳಿಯಬಹುದು. ತಾರೀಖಿನ ಖರ್ಚು ಉಳಿಯುವುದಿಲ್ಲ. ತಿಂಗಳ ಸಂಬಳದವರಿಗೆ ಈ ತೊಂದರೆಯೇ ಇಲ್ಲ. ಡಿಸೆಂಬರಿನಲ್ಲಿ ಮೂವತ್ತು ದಿನ ಇರಲಿ, ಮೂವತ್ತೊಂದು ಇರಲಿ, ಮ್ಯಾನೇಜರಿಗೆ ಅಷ್ಟೇ ಸಂಬಳ. ನನಗೂ ಹಾಗೇ ಬಂತು. ಆದ್ದರಿಂದ ಆ ನಿಯಮ ಕಾಪಾಡಿದ್ದು ಗಂಟೆ ಲೆಕ್ಕದ ಜನರನ್ನು. ಮಾಲೀಕರು ಒಪ್ಪಿದರು. ಒಪ್ಪಿದ ಮೇಲೆ ಯಾವತ್ತೂ ಅದರ ಬಗ್ಗೆ ಗೊಣಗಲಿಲ್ಲ.

ಇನ್ನು ಸಾಫ್ಟ್‌ವೇರ್. ಅದನ್ನು ನೋಡಿಕೊಳ್ಳುವ ಹುಡುಗ ಉತ್ಸಾಹದಿಂದ ಬಂದು, "ದಿನಗಳ ಟೇಬಲ್ಲಿನಿಂದ 30ನೇ ತಾರೀಖಿನ ಸಾಲು ಅಳಿಸಿಬಿಡ್ತೀನಿ, ಆಯ್ತಲ್ಲ" ಅಂದ. ನಾನೂ ಹೂಂ ಅಂದುಬಿಟ್ಟೆ. ಡಿಸೆಂಬರ್ ಮೊದಲ ವಾರ ಒಂದು ಪರೀಕ್ಷೆ ಓಡಿಸಿದೆವು. ಎಲ್ಲರಿಗೂ ಒಂಬತ್ತು ದಿನದ ಸಂಬಳ ಬಂತು. ಆ ಎಂಟು ಗಂಟೆಯನ್ನು ಸೇರಿಸೋಣ ಅಂದರೆ ಹಾಕಲು ಜಾಗವೇ ಇಲ್ಲ. ಸಾಲೇ ಇಲ್ಲವಲ್ಲ! ಬೇರೆ ದಿನಕ್ಕೆ ತುರುಕಿದರೆ ಆ ದಿನ ಹದಿನಾರು ಗಂಟೆಯಾಗಿ ಓವರ್‌ಟೈಮ್ ಆಗುತ್ತದೆ. ಬೋನಸ್ ಅಂತ ತೋರಿಸಿದರೆ ದಾಖಲೆ ಸುಳ್ಳಾಗುತ್ತದೆ, ಅದು ಬೋನಸ್ ಅಲ್ಲ, ಕೂಲಿ. ಅದರ ಮೇಲೆ ಪ್ರಾವಿಡೆಂಟ್ ಫಂಡ್ ಕೂಡ ಕಟ್ಟಬೇಕು. ಅಳಿಸಿದ್ದ ಸಾಲನ್ನು ವಾಪಸ್ ತರಿಸಿದೆ. ಸಂಬಳ ಸಮೇತ ರಜೆ ಅನ್ನುವ ಗುರುತು ಹಾಕಿಸಿ, ಪಕ್ಕದಲ್ಲಿ ಕಾಯ್ದೆಯ ಹೆಸರು ಬರೆಸಿದೆ. ದೇಶದ ಕ್ಯಾಲೆಂಡರಿನಲ್ಲಿ ಇಲ್ಲದ ದಿನ ಸಂಬಳದ ಪುಸ್ತಕದಲ್ಲಿ ಇರಲೇಬೇಕಿತ್ತು.

ಎಕ್ಸೆಲ್ಲಿನಲ್ಲೂ ಇದೇ ಕಥೆ. ಕೆಲಸದ ದಿನ ಎಣಿಸಲು ನಾವು ಬಳಸುತ್ತಿದ್ದ ಸೂತ್ರ ಇದು:

```
=NETWORKDAYS(DATE(2011,12,26),DATE(2012,1,6))
```

ಇದು 10 ಅಂತ ಹೇಳುತ್ತದೆ. ಎಕ್ಸೆಲ್ಲಿಗೆ ಸಮೋವಾದ ಸುದ್ದಿ ಗೊತ್ತಿಲ್ಲ. ಆದರೂ ಸಂಬಳ ಕೊಡಲು 10 ಸರಿಯಾದ ಸಂಖ್ಯೆಯೇ. ಅದೇ ಅವಧಿಯಲ್ಲಿ ಎಷ್ಟು ದಿನ ನಿಜವಾಗಿ ಸಿಮೆಂಟ್ ಮೂಟೆ ಇಳಿಸಲು ಜನ ಇರುತ್ತಾರೆ ಅಂತ ಗೋಡೌನ್ ಮೇಲ್ವಿಚಾರಕರು ಕೇಳಿದಾಗ ಈ 10 ತಪ್ಪು. ಹೀಗಾಗಿ ಪ್ರತಿ ಅಂಕಿಯ ಮುಂದೆಯೂ ಒಂದು ಪ್ರಶ್ನೆ ಕೇಳಿಕೊಳ್ಳುತ್ತಾ ಹೋದೆ: ಇದು ತಾರೀಖನ್ನು ಎಣಿಸುತ್ತಿದೆಯಾ, ಇಲ್ಲ ಕಳೆದ ಹೊತ್ತನ್ನು ಎಣಿಸುತ್ತಿದೆಯಾ? ದಿನದ ಕೂಲಿ, ರಜೆ, ಬಾಕಿ, ಇವೆಲ್ಲ ತಾರೀಖಿನವು. ಪಾಳಿಯ ಗಂಟೆ, ಓವರ್‌ಟೈಮ್, ಇವು ಹೊತ್ತಿನವು. ಎರಡನ್ನೂ ಒಂದೇ ಕಳೆಯುವ ಲೆಕ್ಕದಲ್ಲಿ ಹಾಕಿದರೆ ಕೆಡುತ್ತದೆ.

ಕೆಟ್ಟಿದ್ದು ವಾಚ್‌ಮನ್ ಕಾರ್ಡಿನಲ್ಲಿ. ಅವತ್ತು ನನಗೆ ಟಾರ್ಚ್ ಹಿಡಿದವರದ್ದೇ.

ಜನವರಿ 9, ಸೋಮವಾರ. ಸಂಬಳದ ಕರಡು ತೆಗೆದಾಗ ಅವರ ಹೆಸರಿನ ಮುಂದೆ ಮೊತ್ತ ಜಾಸ್ತಿ ಕಂಡಿತು. ಕಾರ್ಡ್ ತರಿಸಿದೆ. ನೀಲಿ ಶಾಯಿಯ ಎರಡು ಸಾಲು. ಒಳಗೆ: 29, ರಾತ್ರಿ 10. ಹೊರಗೆ: 31, ಬೆಳಿಗ್ಗೆ 6. ಎರಡೂ ಸರಿ. ಅವರು ಎಂದಿನಂತೆ ಎಂಟು ಗಂಟೆ ಕಾವಲಿದ್ದು ಮನೆಗೆ ಹೋಗಿದ್ದರು. ಸಾಫ್ಟ್‌ವೇರ್ 31ರಿಂದ 29 ಕಳೆದು ಮೂವತ್ತೆರಡು ಗಂಟೆ ಅಂತ ಹಾಕಿತ್ತು. ಎಂಟರ ಮೇಲಿನ ಇಪ್ಪತ್ನಾಲ್ಕು ಗಂಟೆಯನ್ನು ಓವರ್‌ಟೈಮ್ ಮಾಡಿತ್ತು. ಸಮೋವಾದ ಹಣದ ಹೆಸರು ಟಾಲಾ. ಅವರ ಕೂಲಿ ಗಂಟೆಗೆ 3 ಟಾಲಾ, ಓವರ್‌ಟೈಮ್ ಒಂದೂವರೆ ಪಟ್ಟು. ಅಂದರೆ 24 ಗಂಟೆಗೆ 108 ಟಾಲಾ, ಮಾಡದ ಕೆಲಸಕ್ಕೆ.

ಇದನ್ನು ತಕ್ಷಣ ತೆಗೆದುಬಿಡುವುದು ಸುಲಭ. ಆದರೆ ಅವರ ಪಾಳಿಪಟ್ಟಿ ನೋಡಿದಾಗ ಇನ್ನೊಂದು ಕಂಡಿತು. ಶುಕ್ರವಾರ ರಾತ್ರಿಯೂ ಅವರದ್ದೇ ಪಾಳಿ ಇತ್ತು. ಆ ರಾತ್ರಿ ಬರಲೇ ಇಲ್ಲ. ನಿಯಮದ ಪ್ರಕಾರ ಆ ಎಂಟು ಗಂಟೆಯ 24 ಟಾಲಾ ಅವರಿಗೆ ಬರಬೇಕು. ಸಾಫ್ಟ್‌ವೇರ್ ಅದನ್ನು ಕೊಟ್ಟೇ ಇರಲಿಲ್ಲ. 30ನೇ ತಾರೀಖು ಅವರು ಒಳಗೇ ಇದ್ದಾರೆ ಅಂತ ಅದು ನಂಬಿತ್ತು, ಹಾಗಾಗಿ ರಜೆಯ ಸಂಬಳ ಸೇರಿಸಿರಲಿಲ್ಲ. ಬರೀ ಜಾಸ್ತಿಯನ್ನು ಕಡಿದು ಬಿಟ್ಟಿದ್ದರೆ ಅವರಿಗೆ 24 ಟಾಲಾ ನಷ್ಟವಾಗುತ್ತಿತ್ತು, ಯಾರಿಗೂ ಗೊತ್ತೂ ಆಗುತ್ತಿರಲಿಲ್ಲ. ಈಗಲೂ ಅದನ್ನು ನೆನೆದರೆ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ. ಎದ್ದು ಕಾಣುವ ತಪ್ಪಿನ ಹಿಂದೆ ಕಾಣದ ತಪ್ಪೊಂದು ಅಡಗಿತ್ತು.

ಸರಿಯಾದ ಲೆಕ್ಕ ಹೀಗಾಯಿತು. ಗುರುವಾರ ರಾತ್ರಿಯ ಪಾಳಿ 8 ಗಂಟೆ, 24 ಟಾಲಾ. ಬಾರದ ಶುಕ್ರವಾರದ ಪಾಳಿ 8 ಗಂಟೆ, 24 ಟಾಲಾ. ಒಟ್ಟು 48. ಸಾಫ್ಟ್‌ವೇರ್ ತೋರಿಸಿದ್ದು 132. ವಾಚ್‌ಮನ್ನರನ್ನು ಕರೆದು ಕೂರಿಸಿ, ಕಾರ್ಡ್ ಮುಂದಿಟ್ಟು, ಗುಮಾಸ್ತೆಯವರು ಸಮೋವಾ ಭಾಷೆಯಲ್ಲಿ ಒಂದೊಂದೇ ಸಾಲು ವಿವರಿಸಿದರು. ಅವರು ಎರಡು ಸಲ ತಾವೇ ಎಣಿಸಿ ನೋಡಿ ಸಹಿ ಹಾಕಿದರು.

ರಾತ್ರಿ ಪಾಳಿಯ ಉಳಿದ ಮೂವರ ಕಾರ್ಡಿನಲ್ಲೂ ಇದೇ ಆಗಿತ್ತು. ಇಂಥ ತಪ್ಪನ್ನು ಹಿಡಿಯಲು ಒಂದು ಸುಲಭ ದಾರಿ ಸಿಕ್ಕಿತು. ಯಾರದ್ದಾದರೂ ಒಂದೇ ಪಾಳಿ ಹದಿನಾರು ಗಂಟೆ ದಾಟಿದ್ದರೆ ಪಟ್ಟಿ ಮಾಡುವುದು. 29ರ ರಾತ್ರಿ ದಾಟಿದ ಪಾಳಿಗಳು ಮಾತ್ರ ಸಿಕ್ಕವು.

ಕಂಪ್ಯೂಟರಿಗೆ ಇದನ್ನು ತಾನಾಗಿ ಲೆಕ್ಕ ಹಾಕುವುದು ಬರುವುದೇ ಇಲ್ಲ ಅಂತಲ್ಲ. ತಾರೀಖು, ಗಂಟೆಯ ಜೊತೆಗೆ ಯಾವ ಊರಿನ ಸಮಯ ಅಂತಲೂ ಬರೆದಿಟ್ಟರೆ ಬರುತ್ತದೆ. ಊರೂರಿನ ಸಮಯದ ಇತಿಹಾಸ ಇಡುವ ಒಂದು ಪಟ್ಟಿ ಸಾಮಾನ್ಯವಾಗಿ ಲಿನಕ್ಸ್ ಕಂಪ್ಯೂಟರುಗಳಲ್ಲಿ ಇರುತ್ತದೆ. ಅದರಲ್ಲಿ ಆಪಿಯಾದ ಆ ಕ್ಷಣ ಇಂದಿಗೂ ನೋಡಬಹುದು:

```
$ zdump -v Pacific/Apia | grep "Dec 30"
Fri Dec 30 09:59:59 2011 UT = Thu Dec 29 23:59:59 2011
Fri Dec 30 10:00:00 2011 UT = Sat Dec 31 00:00:00 2011
```

ಸಾಲುಗಳ ಹಿಂದು ಮುಂದಿನ ಭಾಗ ಬಿಟ್ಟು ಬರೆದಿದ್ದೇನೆ. ಎಡಗಡೆ ಇರುವುದು ಲೋಕಕ್ಕೆಲ್ಲ ಒಂದೇ ಆದ ಸಮಯ. ಅಲ್ಲಿ ಒಂದು ಸೆಕೆಂಡ್ ಮಾತ್ರ ಕಳೆದಿದೆ. ಬಲಗಡೆ ಆಪಿಯಾದ ಸಮಯ. ಅಲ್ಲಿ ಗುರುವಾರ ಮುಗಿದು ಶನಿವಾರ ಬಂದಿದೆ. ಎಡಗಡೆಯಿಂದ ಕಳೆದರೆ ವಾಚ್‌ಮನ್ ಪಾಳಿ ಎಂಟೇ ಗಂಟೆ. ನಮ್ಮ ಸಾಫ್ಟ್‌ವೇರ್ ಬಲಗಡೆಯದನ್ನು ಮಾತ್ರ ಬರೆದಿಟ್ಟಿತ್ತು.

ಓವರ್‌ಟೈಮಿನಲ್ಲಿ ಇನ್ನೊಂದು ತೊಡಕು. 31ರ ಶನಿವಾರ ಗೋಡೌನಿನಲ್ಲಿ ವರ್ಷಾಂತ್ಯದ ಸರಕು ಎಣಿಕೆ. ಹತ್ತು ಜನ ಎಂಟು ಗಂಟೆ ಬಂದರು. ನಮ್ಮಲ್ಲಿ ವಾರಕ್ಕೆ ನಲವತ್ತು ಗಂಟೆ ದಾಟಿದರೆ ಓವರ್‌ಟೈಮ್. ಆ ವಾರ ಸೋಮವಾರದಿಂದ ಗುರುವಾರಕ್ಕೆ ಮೂವತ್ತೆರಡು ಗಂಟೆ, ಹಬ್ಬದ ರಜೆಯೂ ಸೇರಿ. ಶನಿವಾರದ ಎಂಟು ಸೇರಿದರೆ ಸರಿಯಾಗಿ ನಲವತ್ತು. ಹಾಗಾದರೆ ಓವರ್‌ಟೈಮ್ ಇಲ್ಲ. ಆದರೆ ಬಾರದ ಶುಕ್ರವಾರವನ್ನೂ ಎಣಿಸಿದರೆ ಅಲ್ಲಿಗೇ ನಲವತ್ತು ಮುಗಿಯುತ್ತದೆ, ಶನಿವಾರವೆಲ್ಲ ಓವರ್‌ಟೈಮ್. 3 ಟಾಲಾ ಕೂಲಿಯವರಿಗೆ 144 ಬರಬೇಕಾ, 156 ಬರಬೇಕಾ ಅನ್ನುವ ಪ್ರಶ್ನೆ. ಸಂಬಳ ಸಮೇತ ರಜೆಯನ್ನು ನಾವು ಯಾವಾಗಲೂ ನಲವತ್ತರಲ್ಲಿ ಸೇರಿಸುತ್ತಿದ್ದೆವು. ಶುಕ್ರವಾರಕ್ಕೆ ಮಾತ್ರ ಬೇರೆ ನ್ಯಾಯ ಯಾಕೆ? 156 ಕೊಟ್ಟೆವು. ಹತ್ತು ಜನಕ್ಕೆ ತಲಾ 12 ಟಾಲಾ. ಅದು ನನಗೆ ಇಂದಿಗೂ ಸರಿ ಅನ್ನಿಸುತ್ತದೆ.

ರಜೆ ಹಾಕಿದವರದ್ದು ಬೇಗ ಮುಗಿಯಿತು. 28ರಿಂದ 30ರವರೆಗೆ ಮೂರು ದಿನ ರಜೆ ಬರೆದುಕೊಟ್ಟವರಿಗೆ ಎರಡೇ ದಿನ ಕಡಿದೆವು. ಇಲ್ಲದ ದಿನಕ್ಕೆ ಯಾರೂ ತಮ್ಮ ರಜೆ ಖರ್ಚು ಮಾಡಬೇಕಾಗಿಲ್ಲ. ಕೆಲಸ ಬಿಡುವ ಒಬ್ಬ ಡ್ರೈವರ್ ಡಿಸೆಂಬರ್ 16ಕ್ಕೆ ಎರಡು ವಾರದ ನೋಟಿಸ್ ಕೊಟ್ಟಿದ್ದರು. ಕೊನೆಯ ದಿನ 30! ಪತ್ರದಲ್ಲಿ ಕೊನೆಯ ದಿನ 29 ಅಂತ ಬರೆದು, ಸಂಬಳ 30ರವರೆಗೆ ಕೊಟ್ಟು ಕಳಿಸಿದೆವು.

ನಿಜವಾಗಿ ಆ ಶುಕ್ರವಾರ ಕೆಲಸ ಮಾಡಿದವನು ನಮ್ಮಲ್ಲಿ ಒಬ್ಬನಿದ್ದ. ನಮ್ಮ ಮಾರಾಟದ ಹುಡುಗ. ಅವನನ್ನು ಪಕ್ಕದ ಅಮೆರಿಕನ್ ಸಮೋವಾಕ್ಕೆ ಕಳಿಸಿದ್ದೆವು. ವಿಮಾನದಲ್ಲಿ ಒಂದು ಗಂಟೆಯೂ ಆಗದ ದಾರಿ. ಆ ದ್ವೀಪಗಳು ಹಳೆಯ ತಾರೀಖಿನಲ್ಲೇ ಉಳಿದವು. ಅವನಿಗೆ 30ನೇ ತಾರೀಖು ಬಂತು, ಪಾಗೋ ಪಾಗೋದಲ್ಲಿ ಗಿರಾಕಿಗಳನ್ನು ನೋಡಿದ, ಅವತ್ತು ರಾತ್ರಿಯ ಮೊದಲು ಹೊರಟು ಬಂದ. ಇಳಿದಾಗ ಇಲ್ಲಿ 31. ಅವನ ಸ್ಲಿಪ್ಪಿನಲ್ಲಿ ಮಾತ್ರ 30ರ ಮುಂದೆ ರಜೆ ಅಂತ ಹಾಕದೆ ಕೆಲಸ ಅಂತಲೇ ಬರೆದೆ. ಮೊತ್ತ ಎಲ್ಲರಷ್ಟೇ. ಆದರೂ ದುಡಿದದ್ದನ್ನು ದುಡಿದದ್ದು ಅಂತ ಬರೆಯಬೇಕಲ್ವಾ.

ಜನವರಿ 13ರ ಶುಕ್ರವಾರ ಲಕೋಟೆ ಹಂಚಿದೆವು. ಪ್ರತಿ ಸ್ಲಿಪ್ಪಿನಲ್ಲೂ 30ಕ್ಕೆ ಪ್ರತ್ಯೇಕ ಸಾಲು ಇತ್ತು. ಬೇಕಂತಲೇ ಹಾಗೆ ಮಾಡಿದ್ದೆ. ಒಟ್ಟು ಮೊತ್ತದಲ್ಲಿ ಕರಗಿಸಿಬಿಟ್ಟರೆ ಸಿಕ್ಕಿತಾ ಇಲ್ಲವಾ ಅಂತ ಯಾರೂ ನೋಡಲಾಗುವುದಿಲ್ಲ. ಗೋಡೌನಿನವರು ಆ ಸಾಲಿನ ಮೇಲೆ ಬೆರಳಿಟ್ಟು ಒಬ್ಬರಿಗೊಬ್ಬರು ತೋರಿಸಿಕೊಂಡರು. ಆ ಸಾಲಿನ ಬಗ್ಗೆ ಬಂದ ಪ್ರಶ್ನೆ ಎರಡೇ. ಎರಡಕ್ಕೂ ಗುಮಾಸ್ತೆಯವರು ಅಲ್ಲೇ ನಿಂತು ಉತ್ತರ ಹೇಳಿದರು.

ಆ ವರ್ಷದ ಲೆಕ್ಕ ತಪಾಸಣೆಗೆ ಬಂದ ಆಡಿಟರ್ ಡಿಸೆಂಬರಿನ ಹಾಜರಿ ಕಾರ್ಡುಗಳನ್ನು ಸಂಬಳದ ಪಟ್ಟಿಯ ಜೊತೆ ಒಂದೊಂದಾಗಿ ತಾಳೆ ನೋಡಿದರು. 30ಕ್ಕೆ ಬಂದಾಗ ತಲೆ ಎತ್ತಿದರು. ಪಟ್ಟಿಯಲ್ಲಿ ಸಂಬಳ ಇದೆ, ಒಂದು ಕಾರ್ಡಿನಲ್ಲೂ ಪಂಚ್ ಇಲ್ಲ. ನಾನು ಕಾಯ್ದೆಯ ಪ್ರತಿ, ಪಾಳಿಪಟ್ಟಿ ಮತ್ತು ವಾಚ್‌ಮನ್ ಸಹಿ ಹಾಕಿದ ಲೆಕ್ಕದ ಹಾಳೆ ಮೂರನ್ನೂ ಮುಂದಿಟ್ಟೆ. ಅವರು ಹಾಳೆಯ ಮೇಲಿನ 132ನ್ನು ಹೊಡೆದು ಪಕ್ಕದಲ್ಲಿ ಬರೆದಿದ್ದ 48ನ್ನು ನೋಡಿ, ಕೂಡಿಸಿ, ಹಸಿರು ಪೆನ್ನಿನಲ್ಲಿ ಟಿಕ್ ಹಾಕಿ ಮುಂದಿನ ಕಾರ್ಡ್ ತೆಗೆದರು.